ಹಳೆ ಪಿಲ್ಲರಿನ ಬಲ ತಿಳಿಯುವುದು ಹೇಗೆ? ರಿಬೌಂಡ್ ಹ್ಯಾಮರ್ ಮತ್ತು ಕೋರ್ ಟೆಸ್ಟ್ ಜೊತೆಯಾಗಿ ಮಾಡುವ ಕ್ರಮ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಒಂದು ಹಳೆ ಅಂಗಡಿ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆ ರೂಮುಗಳು. 1984ರಲ್ಲಿ ಕಟ್ಟಿದ್ದು. ಮಾಲೀಕರಿಗೆ ಅದರ ಮೇಲೆ ಇನ್ನೊಂದು ಮಹಡಿ ಏರಿಸಬೇಕಿತ್ತು. ನಾನು ಹೋದಾಗ ಅವರ ಕೈಯಲ್ಲಿ ಆಗಲೇ ಒಂದು ರಿಪೋರ್ಟ್ ಇತ್ತು. ಯಾರೋ ಬಂದು ಹ್ಯಾಮರ್ ಹೊಡೆದು, ಎರಡು ಪುಟ ಬರೆದುಕೊಟ್ಟಿದ್ದರು. ಅದರಲ್ಲಿ ಪಿಲ್ಲರಿನ ಕಾಂಕ್ರೀಟು ಎಂ30, ಅಂದರೆ ಚದರ ಮಿಲಿಮೀಟರಿಗೆ 30 ನ್ಯೂಟನ್ ತಡೆಯುವಂಥದ್ದು, ಅಂತ ಇತ್ತು.

"ನಲವತ್ತು ವರ್ಷ ನಿಂತಿದೆ ಅಲ್ವಾ ಇಂಜಿನಿಯರ್ರೆ, ಇನ್ನು ಎಂತ ಟೆಸ್ಟ್ ಮಾರಾಯ್ರೆ?" ಅಂತ ಅವರು ಕೇಳಿದರು.

ನನಗೆ ಅನುಮಾನ ಬಂದದ್ದು ಆ ಎಂ30 ನೋಡಿಯೇ. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಮೇಸ್ತ್ರಿಗಳು ಕಲಸುತ್ತಿದ್ದದ್ದು ಒಂದು-ಎರಡು-ನಾಲ್ಕು. ಅಂದರೆ ಒಂದು ಪಾಲು ಸಿಮೆಂಟು, ಎರಡು ಪಾಲು ಹೊಯ್ಗೆ, ನಾಲ್ಕು ಪಾಲು ಜಲ್ಲಿ. ಸರಿಯಾಗಿ ಕಲಸಿದರೆ ಅದು ಎಂ15. ಕಾಂಕ್ರೀಟಿಗೆ ಭಾರತೀಯ ಮಾನದಂಡವಾದ ಆಗಿನ ಕೋಡು, 1978ರ ಐಎಸ್ 456, ಕಂಬಿ ಹಾಕಿದ ಕಾಂಕ್ರೀಟಿಗೂ ಎಂ15 ಸಾಕು ಅನ್ನುತ್ತಿತ್ತು. ಕನಿಷ್ಠ ಎಂ20 ಇರಬೇಕು ಅಂತ ಆದದ್ದು 2000ದ ಕೋಡಿನಲ್ಲಿ. ಹಾಗಿರುವಾಗ ಬಕೆಟಿನಲ್ಲಿ ಅಳೆದು, ಸಲಿಕೆಯಲ್ಲಿ ಮಗುಚಿ, ಸರಳಿನಿಂದ ಕುಟ್ಟಿ ಹಾಕಿದ ಕಾಂಕ್ರೀಟು ಎಂ30 ಆಗುವುದು ಹೇಗೆ? ವರ್ಷ ಕಳೆದಂತೆ ಬಲ ಸ್ವಲ್ಪ ಏರುವುದು ನಿಜ, ಆದರೆ ಅಷ್ಟು ಏರುವುದಿಲ್ಲ.

ಆ ರಿಪೋರ್ಟಿನಲ್ಲಿ ಸುಳ್ಳು ಏನೂ ಇರಲಿಲ್ಲ. ಹ್ಯಾಮರು ತೋರಿಸಿದ್ದನ್ನೇ ಬರೆದಿದ್ದರು. ಹ್ಯಾಮರ್ ಮಾತನಾಡುವುದು ಕಾಂಕ್ರೀಟಿನ ಚರ್ಮದ ಬಗ್ಗೆ ಮಾತ್ರ. ಹೊಸ ಕಾಂಕ್ರೀಟಿನಲ್ಲಿ ಚರ್ಮವೂ ಒಳಗಿನ ಮಾಂಸವೂ ಹೆಚ್ಚುಕಮ್ಮಿ ಒಂದೇ. ಹಳೆಯದರಲ್ಲಿ ಹಾಗಲ್ಲ. ಒಳಗಿನದನ್ನು ತಿಳಿಯಲು ಕೋರ್, ಅಂದರೆ ಪಿಲ್ಲರಿನಿಂದ ಕೊರೆದು ತೆಗೆದ ಕಾಂಕ್ರೀಟಿನ ಉರುಳೆ, ಲ್ಯಾಬಿನಲ್ಲಿ ಒಡೆದು ನೋಡಬೇಕು. ಆ ವ್ಯತ್ಯಾಸ ಎಷ್ಟು ಅಂತ ಕಂಡುಹಿಡಿಯುವ ಕೆಲಸವನ್ನು ಈ ಕಟ್ಟಡವನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ. ಬಲದ ಅಳತೆ ಎಲ್ಲ ಕಡೆ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಅಂತಲೇ. ಪ್ರತಿ ಸಲ ಅಷ್ಟುದ್ದ ಬರೆಯದೆ ಬರೀ ಸಂಖ್ಯೆ ಹೇಳುತ್ತೇನೆ.

ಹ್ಯಾಮರ್ ಮೋಸ ಹೋಗುವುದು ಎಲ್ಲಿ

ರಿಬೌಂಡ್ ಹ್ಯಾಮರ್ ಅಂದರೆ ಒಳಗೆ ಸ್ಪ್ರಿಂಗು, ಒಂದು ಉಕ್ಕಿನ ತೂಕ, ಮುಂದೆ ಒಂದು ಗುಂಡುಮೂತಿಯ ಕಡ್ಡಿ. ಗೋಡೆಗೆ ಒತ್ತಿದರೆ ಸ್ಪ್ರಿಂಗು ಬಿಗಿಯಾಗಿ, ಕೊನೆಗೆ ತಟ್ಟನೆ ಬಿಟ್ಟುಕೊಂಡು ತೂಕ ಬಡಿಯುತ್ತದೆ. ಬಡಿದು ಎಷ್ಟು ಹಿಂದಕ್ಕೆ ಚಿಮ್ಮಿತು ಅನ್ನುವುದೇ ರಿಬೌಂಡ್ ನಂಬರ್. ಮೇಲ್ಮೈ ಗಟ್ಟಿ ಇದ್ದಷ್ಟೂ ಚಿಮ್ಮುವುದು ಜಾಸ್ತಿ. ಹ್ಯಾಮರಿನ ಮೈಮೇಲೆ ಅಂಟಿಸಿದ ಗ್ರಾಫಿನಲ್ಲಿ ಆ ನಂಬರಿಗೆ ಎದುರಾಗಿ ಬಲ ಓದಿಕೊಳ್ಳಬಹುದು. ಆ ಗ್ರಾಫ್ ತಯಾರಾದದ್ದು ಪರೀಕ್ಷೆಗೆಂದೇ ಹೊಯ್ದ ಹೊಸ ಕಾಂಕ್ರೀಟು ಕ್ಯೂಬುಗಳ ಮೇಲೆ. ನಮ್ಮ ನಲವತ್ತು ವರ್ಷದ ಪಿಲ್ಲರ್ ಅದಕ್ಕೆ ಗೊತ್ತೇ ಇಲ್ಲ.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ನಿಧಾನವಾಗಿ ಕಾಂಕ್ರೀಟಿನ ಒಳಗೆ ಇಳಿಯುತ್ತದೆ. ಅಲ್ಲಿರುವ ಸುಣ್ಣದ ಅಂಶದ ಜೊತೆ ಸೇರಿ ಸುಣ್ಣಕಲ್ಲಿನಂಥ ವಸ್ತು ಆಗುತ್ತದೆ. ಇದಕ್ಕೆ ಕಾರ್ಬೊನೇಶನ್ ಅನ್ನುತ್ತಾರೆ. ಆ ಪದರ ಗಟ್ಟಿ. ಹ್ಯಾಮರ್ ಅದಕ್ಕೆ ಬಡಿದು ಚೆನ್ನಾಗಿ ಚಿಮ್ಮುತ್ತದೆ. ಇದರಿಂದಾಗಿ ಬಲದ ಅಂದಾಜು ಶೇಕಡಾ 50ರವರೆಗೂ ಜಾಸ್ತಿ ಬರಬಹುದು ಅಂತ ನಮ್ಮ ಐಎಸ್ ಕೋಡೇ ಎಚ್ಚರಿಸುತ್ತದೆ. ಸರಿಯಾಗಿ ಹೊಂದಿಸಿಕೊಂಡ ಹ್ಯಾಮರಿನಲ್ಲೂ ಶೇಕಡಾ 25ರಷ್ಟು ಆಚೀಚೆ ಆಗುತ್ತದೆ ಅಂತಲೂ ಹೇಳುತ್ತದೆ.

ಇನ್ನೊಂದು ಕಡೆ ನೀರು. ಒದ್ದೆ ಮೇಲ್ಮೈ ಮೆತ್ತಗೆ ವರ್ತಿಸುತ್ತದೆ. ಒಣಗಿದ್ದಕ್ಕೆ ಹೋಲಿಸಿದರೆ ಅಂದಾಜು ಸುಮಾರು ಶೇಕಡಾ 20ರಷ್ಟು ಕಡಿಮೆ ಬರಬಹುದು. ಕಾಸರಗೋಡಿನ ಮಳೆ ಗೊತ್ತಲ್ಲ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಬೆವರುತ್ತಲೇ ಇರುತ್ತವೆ. ಹಾಗಾಗಿ ನಾನು ಈ ಕೆಲಸವನ್ನು ಆದಷ್ಟೂ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳುತ್ತೇನೆ.

ಮೊದಲ ದಿನ: ನೋಡುವುದು, ಕೆರೆಯುವುದು

ಹ್ಯಾಮರ್ ಪೆಟ್ಟಿಗೆ ತೆರೆಯುವ ಮೊದಲು ಒಂದು ಸುತ್ತು ಹಾಕಿ. ಪ್ರತಿ ಪಿಲ್ಲರಿಗೆ ನಂಬರು ಕೊಡಿ, ಕಾಗದದಲ್ಲಿ ನಕ್ಷೆ ಬರೆದುಕೊಳ್ಳಿ. ಇಲ್ಲಿ ಕೆಳಗಿನ ಅಂತಸ್ತಿನಲ್ಲಿ 12 ಪಿಲ್ಲರುಗಳಿದ್ದವು. ಎಲ್ಲ 300ಕ್ಕೆ 450 ಮಿ.ಮೀ. ನಡುವೆ ಮುರಕಲ್ಲಿನ ಗೋಡೆ. ಎಲ್ಲಿ ಉದ್ದಕ್ಕೆ ಬಿರುಕಿದೆ, ಎಲ್ಲಿ ತುಕ್ಕಿನ ಕಲೆ ಇದೆ, ಎಲ್ಲಿ ನೀರು ಇಳಿದಿದೆ ಅಂತ ಗುರುತು ಮಾಡಿಕೊಳ್ಳಿ. ಎಂಟನೇ ಪಿಲ್ಲರಿನ ಹಿಂದೆ ಮೇಲಿನ ಬಚ್ಚಲಿನ ಪೈಪು ಇಳಿದಿತ್ತು. ಅದರ ಬುಡದಲ್ಲಿ ಪಾಚಿ ಇತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾರಣೆಯ ಮೇಲೆ ಹ್ಯಾಮರ್ ಹೊಡೆಯಬಾರದು. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಹೊಡೆಯುತ್ತಾರೆ. ಎದೆ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, 300 ಮಿ.ಮೀ. ಚೌಕದಷ್ಟು ಸಾರಣೆ ತೆಗೆಸಿ. ಉಳಿಯಲ್ಲಿ ನಿಧಾನಕ್ಕೆ ಎಬ್ಬಿಸಬೇಕು. ಕಾಂಕ್ರೀಟಿಗೇ ಏಟು ಬಿದ್ದು ಪುಡಿಯಾದರೆ ಆ ಜಾಗ ಹಾಳಾಯಿತು ಅಂತಲೇ ಲೆಕ್ಕ. ಆಮೇಲೆ ಹ್ಯಾಮರಿನ ಜೊತೆ ಬರುವ ಉಜ್ಜುಕಲ್ಲಿನಿಂದ ಸಿಮೆಂಟಿನ ತೆಳು ಪೊರೆ, ಹಲಗೆಯ ಗುರುತು ಎಲ್ಲ ಹೋಗುವವರೆಗೆ ಉಜ್ಜಿ. ಕೈಯಾಡಿಸಿದರೆ ನುಣ್ಣಗೆ ಆಗಬೇಕು.

ಎದೆ ಮಟ್ಟವೇ ಯಾಕೆ? ಪಿಲ್ಲರ್ ತುಂಬುವಾಗ ನೀರು ಮೇಲಕ್ಕೆ, ಜಲ್ಲಿ ಕೆಳಕ್ಕೆ. ಹಾಗಾಗಿ ಒಂದೇ ಪಿಲ್ಲರಿನಲ್ಲಿ ಬುಡ ಗಟ್ಟಿ, ತಲೆ ಬಡಕಲು. ಒಂದರ ಬುಡಕ್ಕೆ, ಇನ್ನೊಂದರ ತಲೆಗೆ ಹೊಡೆದು ಹೋಲಿಸಿದರೆ ಅರ್ಥವಿಲ್ಲ. ಎಲ್ಲಕ್ಕೂ ಒಂದೇ ಎತ್ತರ ಇಟ್ಟುಕೊಳ್ಳಿ. ಸಮಯ ಇದ್ದರೆ ಒಂದೆರಡು ಪಿಲ್ಲರಿನಲ್ಲಿ ತಲೆಯ ಹತ್ತಿರವೂ ಹೊಡೆದು ನೋಡಿ, ಎಷ್ಟು ಇಳಿಯುತ್ತದೆ ಅಂತ ಅಂದಾಜು ಸಿಗುತ್ತದೆ.

ಹ್ಯಾಮರ್ ಹೊಡೆಯುವುದು

ಶುರು ಮಾಡುವ ಮೊದಲು ಹ್ಯಾಮರನ್ನೇ ಪರೀಕ್ಷಿಸಬೇಕು. ಅದಕ್ಕೆಂದೇ ಉಕ್ಕಿನ ಅಡಿಗಲ್ಲು, ಆನ್ವಿಲ್, ಇರುತ್ತದೆ. ಸಾಮಾನ್ಯ ಎನ್ ಮಾದರಿಯ ಹ್ಯಾಮರಿಗೆ ಅದರ ಮೇಲೆ 80ರ ಆಸುಪಾಸು, ಎರಡು ಅಂಕ ಆಚೀಚೆ ಬರಬೇಕು. 74 ಬಂದರೆ "ಪರವಾಗಿಲ್ಲ, ಆಮೇಲೆ ಗುಣಿಸಿ ಸರಿಮಾಡೋಣ" ಅನ್ನಬೇಡಿ. ಒಳಗೆ ಸಿಮೆಂಟಿನ ಧೂಳು ಕೂತಿರುತ್ತದೆ, ಅಥವಾ ಸ್ಪ್ರಿಂಗು ಸೋತಿರುತ್ತದೆ. ಸರ್ವಿಸಿಗೆ ಕೊಡಿ. ಸಂಜೆ ಕೆಲಸ ಮುಗಿದ ಮೇಲೂ ಮತ್ತೊಮ್ಮೆ ಆನ್ವಿಲ್ ಮೇಲೆ ಹೊಡೆದು ಬರೆದಿಡಿ. ನಾನು ಒಮ್ಮೆ ಇದನ್ನು ಬಿಟ್ಟು, ಇಡೀ ದಿನದ ಕೆಲಸ ಮತ್ತೆ ಮಾಡಿದ್ದೇನೆ.

ಉಜ್ಜಿದ ಚೌಕದಲ್ಲಿ ಸೀಮೆಸುಣ್ಣದಿಂದ ಒಂಬತ್ತು ಚುಕ್ಕೆ ಹಾಕಿ, ಮೂರು ಸಾಲು, ಸಾಲಿಗೆ ಮೂರು. ಚುಕ್ಕೆಗಳ ನಡುವೆ 30 ಮಿ.ಮೀ. ಆದರೂ ಇರಲಿ. ಪಿಲ್ಲರಿನ ಮೂಲೆಗೆ ತೀರಾ ಹತ್ತಿರ ಹೋಗಬೇಡಿ, ಅಂಚು ಅದುರುತ್ತದೆ. ಹ್ಯಾಮರನ್ನು ಮೇಲ್ಮೈಗೆ ನೇರಾನೇರ ಹಿಡಿದು, ಒಂದೇ ಸಮನೆ ನಿಧಾನವಾಗಿ ಒತ್ತಿ. ತಳ್ಳಿಬಿಡಬಾರದು. ಒಂದೇ ಚುಕ್ಕೆಗೆ ಎರಡು ಸಲ ಹೊಡೆಯಬಾರದು, ಮೊದಲ ಏಟಿಗೆ ಅಲ್ಲಿ ಕಾಂಕ್ರೀಟು ಅಮುಕಿರುತ್ತದೆ.

ಪಿಲ್ಲರಿಗೆ ಅಡ್ಡಲಾಗಿ ಹೊಡೆದರೆ ಸರಳ. ಸ್ಲಾಬಿನ ಅಡಿಗೆ ಮೇಲ್ಮುಖವಾಗಿ ಹೊಡೆದರೆ ಭೂಮಿಯ ಸೆಳೆತವೂ ಸೇರಿ ತೂಕ ಜಾಸ್ತಿ ಹಿಂದಕ್ಕೆ ಬರುತ್ತದೆ, ನಂಬರು ಏರುತ್ತದೆ. ಕೆಳಮುಖವಾದರೆ ಉಲ್ಟಾ. ಗ್ರಾಫಿನಲ್ಲಿ ಮೂರಕ್ಕೂ ಬೇರೆ ಬೇರೆ ಗೆರೆ ಇರುವುದು ಇದಕ್ಕೇ.

ಮೂರನೇ ಪಿಲ್ಲರಿನಲ್ಲಿ ನನಗೆ ಬಂದ ಒಂಬತ್ತು ಓದುಗಳು ಹೀಗಿದ್ದವು: 34, 37, 36, 35, 48, 36, 33, 37, 36. ಈ 48 ಯಾವುದು? ಆ ಚುಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದರೆ ಮೇಲ್ಮೈಯ ಅಡಿಯಲ್ಲೇ ಕಪ್ಪು ಜಲ್ಲಿಯ ನೆತ್ತಿ ಕಾಣುತ್ತಿತ್ತು. ಹ್ಯಾಮರ್ ಕಲ್ಲಿಗೆ ಬಡಿದಿತ್ತು. ಸರಾಸರಿ ಹಾಕಿದರೆ ಆ ಒಂದು ಕಲ್ಲು ಲೆಕ್ಕವನ್ನು 37ಕ್ಕೆ ಎಳೆಯುತ್ತದೆ. ಅದಕ್ಕೇ ನಾನು ಸರಾಸರಿ ಬಳಸುವುದಿಲ್ಲ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು, ನಡುವಿನ ಐದನೆಯ ಸಂಖ್ಯೆ ತೆಗೆದುಕೊಳ್ಳುತ್ತೇನೆ. ಇಲ್ಲಿ ಅದು 36. ಗ್ರಾಫಿನಲ್ಲಿ 36ಕ್ಕೆ ಸುಮಾರು 32 ಬಲ.

ಹೀಗೆ 12 ಪಿಲ್ಲರಿಗೂ ಹೊಡೆದೆ. ಹನ್ನೊಂದರಲ್ಲಿ ಗ್ರಾಫಿನ ಬಲ 28ರಿಂದ 39ರ ನಡುವೆ ಬಂತು. ಎಂಟನೆಯದರಲ್ಲಿ ಮಾತ್ರ 21. ಹಳೆ ರಿಪೋರ್ಟಿನ ಎಂ30 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಮಾಲೀಕರು ಎಂಟನೇ ಪಿಲ್ಲರನ್ನು ನೋಡಿ, "ಇದೊಂದು ಹೋಯ್ತು, ಉಳಿದದ್ದು ಎಲ್ಲ ಭದ್ರ ಉಂಟು ಹಾಗಾದ್ರೆ" ಅಂದರು. ನಾನು ಏನೂ ಹೇಳಲಿಲ್ಲ.

ಕೋರ್ ಎಲ್ಲಿಂದ ತೆಗೆಯಬೇಕು

ಹ್ಯಾಮರಿನ ನಿಜವಾದ ಉಪಯೋಗ ಇಲ್ಲಿ ಬರುತ್ತದೆ. ಬಲ ಎಷ್ಟು ಅಂತ ಅದು ಹೇಳದಿದ್ದರೂ, ಯಾವ ಪಿಲ್ಲರ್ ಯಾವುದಕ್ಕಿಂತ ಗಟ್ಟಿ ಅಂತ ಹೇಳುತ್ತದೆ. ಆ ಪಟ್ಟಿ ಹಿಡಿದುಕೊಂಡು ಕೋರಿನ ಜಾಗ ಆರಿಸಬೇಕು. ಪಟ್ಟಿಯ ಮೇಲಿನ ತುದಿಯಿಂದ ಒಂದು, ಕೆಳ ತುದಿಯಿಂದ ಒಂದು, ನಡುವಿನಿಂದ ಎರಡು ಮೂರು. ಬೇರೆಯವಕ್ಕೆ ಹೊಂದದೆ ಎದ್ದು ಕಾಣುವುದು ಇದ್ದರೆ ಅದರದ್ದೂ ಒಂದು. ಕೈಗೆ ಸಿಗುವ ಮೂರು ಪಿಲ್ಲರಿಗೆ ತೂತು ಹಾಕಿ ಬಂದರೆ ಕೋರಿನ ದುಡ್ಡು ದಂಡ.

ನಾನು ಆರು ಕೋರ್ ಆರಿಸಿದೆ. ಪಿಲ್ಲರ್ 2, 3, 5, 7, 10 ಮತ್ತು ಆ ಒದ್ದೆ 8. ಹತ್ತನೆಯದು ಒಣಗಿದ್ದರಲ್ಲೆಲ್ಲ ಕಡಿಮೆ ನಂಬರಿನದು.

ಕೋರಿನ ಅಗಲ ದೊಡ್ಡ ಜಲ್ಲಿಯ ಮೂರು ಪಟ್ಟಾದರೂ ಇರಬೇಕು. 20 ಮಿ.ಮೀ. ಜಲ್ಲಿಗೆ 60 ಆಯಿತು. ಆದರೆ ಸಣ್ಣ ಕೋರುಗಳಲ್ಲಿ ಫಲಿತಾಂಶ ಜಾಸ್ತಿ ಕುಣಿಯುತ್ತದೆ. ಪಿಲ್ಲರ್ ತಡೆದುಕೊಳ್ಳುವಂತಿದ್ದರೆ 100 ಮಿ.ಮೀ. ಆಸುಪಾಸಿನದೇ ಒಳ್ಳೆಯದು. ಇಲ್ಲಿ 450ರ ಅಗಲದ ಮುಖದಿಂದ ಒಳಕ್ಕೆ 200 ಮಿ.ಮೀ. ಕೊರೆದೆವು. ಲೆಕ್ಕ ಹಾಕಿದರೆ ಆ ಮಟ್ಟದಲ್ಲಿ ಪಿಲ್ಲರಿನ ಸುಮಾರು ಶೇಕಡಾ 15ರಷ್ಟು ಅಡ್ಡಳತೆ ಹೋಗುತ್ತದೆ. ಅಷ್ಟು ತಡೆಯುತ್ತದೆಯೇ ಅಂತ ಮೊದಲೇ ಲೆಕ್ಕ ಮಾಡಬೇಕು, ಬೀಮಿನ ಅಡಿಗೆ ಜಾಕಿ ಕೊಟ್ಟಿರಬೇಕು. ಒಂದೇ ದಿನ ಅಕ್ಕಪಕ್ಕದ ಎರಡು ಪಿಲ್ಲರ್ ಕೊರೆಯಬಾರದು. 230 ಮಿ.ಮೀ. ಅಗಲದ ಬಡಕಲು ಪಿಲ್ಲರಿಗೆ ಇದೇ ಬಿಟ್ ಹಾಕಲು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕಂಬಿ ಕತ್ತರಿಸಲೇಬಾರದು. ಕವರ್ ಮೀಟರ್ ಹಿಡಿದು ಉದ್ದದ ಕಂಬಿಯೂ ರಿಂಗೂ ಎಲ್ಲೆಲ್ಲಿವೆ ಅಂತ ಪಿಲ್ಲರಿನ ಮೈಮೇಲೆ ಗೆರೆ ಎಳೆಯಿರಿ. ಆ ಚೌಕಗಳ ನಡುವಿನ ಖಾಲಿಯಲ್ಲಿ ಬಿಟ್ ಕೂರಬೇಕು. ಹಳೆ ಕಟ್ಟಡದಲ್ಲಿ ರಿಂಗುಗಳು ಓರೆಕೋರೆ. ಮೀಟರನ್ನು ಎರಡು ಸಲ ಓಡಿಸಿ ನೋಡುವುದು ವಾಸಿ.

ಕೊರೆಯುವಾಗ

ಯಂತ್ರವನ್ನು ಬೋಲ್ಟಿನಿಂದ ಪಿಲ್ಲರಿಗೇ ಬಿಗಿಯಬೇಕು. ಅಲುಗಾಡಿದರೆ ಕೋರಿನ ಮೈ ಅಲೆಅಲೆಯಾಗಿ ಬರುತ್ತದೆ, ಲ್ಯಾಬಿನಲ್ಲಿ ಕಡಿಮೆ ಬಲ ತೋರಿಸುತ್ತದೆ. ನೀರು ನಿಲ್ಲಬಾರದು. ಹೊರಗೆ ಬರುವ ಕೆಸರಿನ ಮೇಲೆ ಕಣ್ಣಿಡಿ. ಬೂದು ಬಣ್ಣ ಇದ್ದರೆ ಕಾಂಕ್ರೀಟು. ಬಿಟ್ ಒಮ್ಮೆಲೇ ಜಗ್ಗಿ, ಶಬ್ದ ಕೀರಲಾಗಿ, ನೀರಿನಲ್ಲಿ ಲೋಹದ ಹೊಳಪು ಕಂಡರೆ ಕಂಬಿ ಸಿಕ್ಕಿತು ಅಂತ. ತಕ್ಷಣ ನಿಲ್ಲಿಸಬೇಕು. ಆಪರೇಟರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಅವನು "ಸ್ವಲ್ಪ ಒತ್ತಿದ್ರೆ ಹೋಗ್ತದೆ ಸಾರ್" ಅಂತ ಒತ್ತಿಬಿಡುತ್ತಾನೆ.

ಕೋರ್ ಹೊರಬಂದ ಕೂಡಲೇ ಅದರ ಮೇಲೆ ಪಿಲ್ಲರ್ ನಂಬರು, ಹೊರಮೈ ಯಾವ ಕಡೆ, ದಿನಾಂಕ ಬರೆಯಿರಿ. ಆಮೇಲೆ ಸುಮ್ನೆ ಐದು ನಿಮಿಷ ನೋಡಿ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟದ ಗಳಿಗೆ ಇದು. ನಲವತ್ತು ವರ್ಷದ ಹಿಂದೆ ಮೇಸ್ತ್ರಿ ಹೇಗೆ ಕುಟ್ಟಿದ್ದ ಅಂತ ಅದರ ಮೈಯಲ್ಲಿ ಬರೆದಿರುತ್ತದೆ. ಹತ್ತನೇ ಪಿಲ್ಲರಿನ ಕೋರಿನಲ್ಲಿ ಕಡಲೆಬೇಳೆ ಗಾತ್ರದ ತೂತುಗಳು ಸುತ್ತಲೂ ಇದ್ದವು, ಜಲ್ಲಿಯ ಅಡಿಯಲ್ಲಿ ಜಾಸ್ತಿ. ಸರಿಯಾಗಿ ಕುಟ್ಟಿರಲಿಲ್ಲ. ಗಾಳಿತೂತು ಶೇಕಡಾ 5ರಷ್ಟಿದ್ದರೆ ಬಲ ಶೇಕಡಾ 30ರಷ್ಟು ಇಳಿಯುತ್ತದೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಎರಡನೇ ಪಿಲ್ಲರಿನ ಕೋರ್ ಮಾತ್ರ ಒತ್ತೊತ್ತಾಗಿ ಚೆನ್ನಾಗಿತ್ತು. ಮೂರನೆಯದರಲ್ಲಿ ಹೊಯ್ಗೆಯ ನಡುವೆ ಚಿಪ್ಪಿನ ಬಿಳಿ ಚೂರುಗಳು. ಅಳಿವೆ ಬಾಗಿಲಿನ ಕಡೆಯ ಹೊಯ್ಗೆ ಇರಬೇಕು. ಹಾಗೆ ಕಂಡರೆ ಉಪ್ಪಿನ ಪರೀಕ್ಷೆಗೆ ಒಂದಿಷ್ಟು ಪುಡಿ ಬೇರೆ ತೆಗೆದಿಡಿ. ಬಲದ ಕಥೆ ಬೇರೆ, ಉಪ್ಪು ಕಂಬಿಗೆ ಮಾಡುವ ಕಥೆ ಬೇರೆ.

ಗುಲಾಬಿ ಬಣ್ಣದ ಪರೀಕ್ಷೆ

ಆಲ್ಕೋಹಾಲಿನಲ್ಲಿ ಶೇಕಡಾ 1ರಷ್ಟು ಫಿನಾಲ್ಫ್ತಲೀನ್ ಕರಗಿಸಿದ ದ್ರಾವಣ ಒಂದು ಸ್ಪ್ರೇ ಬಾಟಲಿಯಲ್ಲಿ ಇರಲಿ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಎಲ್ಲರೂ ನೋಡಿದ್ದೇ. ಕಾಂಕ್ರೀಟಿಗೆ ಸಿಂಪಡಿಸಿದರೆ ಸುಣ್ಣದ ಗುಣ ಉಳಿದಿರುವ ಕಡೆ ಗಾಢ ಗುಲಾಬಿ ಆಗುತ್ತದೆ. ಕಾರ್ಬೊನೇಶನ್ ಆದ ಕಡೆ ಬಣ್ಣವೇ ಬರುವುದಿಲ್ಲ.

ಇಲ್ಲಿ ತಪ್ಪು ಮಾಡುವವರು ಬಹಳ. ಕೊರೆದ ಕೋರಿನ ಮೈಗೇ ಸಿಂಪಡಿಸುತ್ತಾರೆ. ಕೊರೆಯುವಾಗ ಒಳಗಿನ ಸುಣ್ಣದ ನೀರು ಇಡೀ ಮೈಗೆ ಬಳಿದುಕೊಂಡಿರುತ್ತದೆ, ಹಾಗಾಗಿ ಎಲ್ಲ ಕಡೆ ಗುಲಾಬಿ ಕಂಡು ಖುಷಿಪಡುತ್ತಾರೆ. ಹೊಸದಾಗಿ ಒಡೆದ ಮುಖಕ್ಕೆ ಸಿಂಪಡಿಸಬೇಕು. ನಾನು ತೂತಿನ ಪಕ್ಕದಲ್ಲಿ ಉಳಿಯಿಂದ ಒಂದು ಚೂರು ಎಬ್ಬಿಸಿ, ಧೂಳು ಊದಿ, ಅಲ್ಲಿ ಸಿಂಪಡಿಸುತ್ತೇನೆ. ಹೊರಮೈಯಿಂದ ಗುಲಾಬಿ ಶುರುವಾಗುವ ಗೆರೆಯವರೆಗೆ ಸ್ಕೇಲ್ ಹಿಡಿದು ಅಳೆಯುವುದು.

ಒಣಗಿದ ಐದು ಪಿಲ್ಲರುಗಳಲ್ಲಿ ಆ ಬಣ್ಣವಿಲ್ಲದ ಪದರ 25ರಿಂದ 32 ಮಿ.ಮೀ. ಎಂಟನೇ ಪಿಲ್ಲರಿನಲ್ಲಿ ಬರೀ 7 ಮಿ.ಮೀ.

ಮಾಲೀಕರು ಬಗ್ಗಿ ನೋಡಿದರು. "ಇದು ಹಾಳಾದ ಪಿಲ್ಲರ್ ಅಲ್ವಾ? ಇದ್ರಲ್ಲೇ ಬಣ್ಣ ಚಂದ ಬಂತಲ್ಲ!" ಕಾರಣ ಸರಳ. ತೂತುಗಳಲ್ಲಿ ನೀರು ತುಂಬಿದ್ದರೆ ಗಾಳಿ ಒಳಗೆ ಇಳಿಯುವುದು ತುಂಬಾ ನಿಧಾನ. ಪೈಪಿನ ನೀರು ಕುಡಿಯುತ್ತಾ ಕೂತಿದ್ದ ಪಿಲ್ಲರಿಗೆ ಗಟ್ಟಿ ಚರ್ಮ ಬೆಳೆಯಲೇ ಇಲ್ಲ. ಮೇಲಿಂದ ಒದ್ದೆ ಬೇರೆ. ಎರಡೂ ಸೇರಿ ಹ್ಯಾಮರಿನ ನಂಬರನ್ನು ಕೆಳಕ್ಕೆ ಎಳೆದಿದ್ದವು. ಒಳಗಿನ ಕಾಂಕ್ರೀಟು ಬೇರೆಯವುಗಳಷ್ಟೇ ಇರಬಹುದು ಅಂತ ನನಗೆ ಆಗಲೇ ಅನ್ನಿಸಿತ್ತು.

ಲ್ಯಾಬಿನ ಲೆಕ್ಕ

ನಮಗೆ ಗಡಿ ದಾಟಿ ಮಂಗಳೂರಿನ ಕಡೆ ಹೋಗುವುದು ಸುಲಭ, ಹಾಗಾಗಿ ಕೋರುಗಳನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಗೇ ಒಯ್ದೆ. ಲ್ಯಾಬಿನಲ್ಲಿ ಎರಡೂ ತುದಿ ಗರಗಸದಲ್ಲಿ ಕತ್ತರಿಸಿ, ಸಮತಟ್ಟು ಮಾಡಿ, ನೀರಿನಲ್ಲಿ ನೆನೆಸಿ, ಆಮೇಲೆ ಒತ್ತಿ ಒಡೆಯುತ್ತಾರೆ. ಹೊರಗಿನ ಕಾರ್ಬೊನೇಶನ್ ಪದರ ಕತ್ತರಿಸಿ ತೆಗೆಯಲು ಹೇಳಿ, ನಮಗೆ ಬೇಕಾದದ್ದು ಒಳಗಿನ ಕಾಂಕ್ರೀಟಿನ ಬಲ. ಕೋರಿನೊಳಗೆ ರಿಂಗಿನ ತುಂಡು ಬಂದಿದ್ದರೆ ಆ ಭಾಗವನ್ನೂ ಕತ್ತರಿಸಬೇಕು.

ಮೂರನೇ ಪಿಲ್ಲರಿನ ಕೋರ್ ತೆಗೆದುಕೊಳ್ಳಿ. ಅಗಲ 94 ಮಿ.ಮೀ., ಕತ್ತರಿಸಿದ ಮೇಲೆ ಉದ್ದ 150. ಒಡೆದದ್ದು 115 ಕಿಲೋನ್ಯೂಟನ್ನಿಗೆ. ಅಡ್ಡಮುಖದ ವಿಸ್ತೀರ್ಣ 6,940 ಚದರ ಮಿ.ಮೀ., ಹಾಗಾಗಿ ಬಲ 16.57. ಇದು ಕಚ್ಚಾ ಸಂಖ್ಯೆ. ಇದಕ್ಕೆ ಎರಡು ತಿದ್ದುಪಡಿ ಉಂಟು.

ಮೊದಲನೆಯದು ಉದ್ದದ್ದು. ಕೋರ್ ತನ್ನ ಅಗಲದ ಎರಡು ಪಟ್ಟು ಉದ್ದ ಇದ್ದರೆ ತಿದ್ದುಪಡಿ ಬೇಡ. ಮೋಟಾದಷ್ಟೂ ಯಂತ್ರದ ತಟ್ಟೆಗಳು ಅದನ್ನು ಅಪ್ಪಿ ಹಿಡಿದು ಸುಳ್ಳು ಬಲ ಕೊಡುತ್ತವೆ. ಐಎಸ್ 516ರ ಸೂತ್ರ ಇದು, n ಅಂದರೆ ಉದ್ದ ಭಾಗಿಸು ಅಗಲ:

```
F = 0.11 n + 0.78
n = 150 / 94 = 1.6
F = 0.956
16.57 × 0.956 = 15.8
```

ಎರಡನೆಯದು ಆಕಾರದ್ದು. ಎಂ15, ಎಂ20 ಅಂತ ನಾವು ಹೇಳುವುದು ಕ್ಯೂಬಿನ ಬಲ. ಕೋರ್ ಉರುಳೆ. ಕ್ಯೂಬಿಗೆ ತರಲು 1.25ರಿಂದ ಗುಣಿಸಬೇಕು. 15.8 ಗುಣಿಸು 1.25, ಅಂದರೆ 19.8. ಲ್ಯಾಬಿನ ರಿಪೋರ್ಟಿನಲ್ಲಿ ಈ ಗುಣಾಕಾರ ಆಗಿದೆಯೋ ಇಲ್ಲವೋ ಅಂತ ಕೇಳಿಯೇ ಮುಂದುವರಿಯಿರಿ. ಎರಡು ಸಲ 1.25 ಹಾಕಿ ಪಿಲ್ಲರನ್ನು ಪೈಲ್ವಾನ ಮಾಡಿದವರನ್ನು ನೋಡಿದ್ದೇನೆ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ಒಣಗಿದ ಐದು ಪಿಲ್ಲರುಗಳ ಲೆಕ್ಕ ಹೀಗೆ ಬಂತು. ಮೊದಲನೆಯದು ಹ್ಯಾಮರಿನ ಗ್ರಾಫ್ ಹೇಳಿದ್ದು, ಎರಡನೆಯದು ಕೋರ್ ಹೇಳಿದ್ದು.

ಪಿಲ್ಲರ್ 2: 39, 25.6
ಪಿಲ್ಲರ್ 5: 36, 22.0
ಪಿಲ್ಲರ್ 7: 34, 21.4
ಪಿಲ್ಲರ್ 3: 32, 19.8
ಪಿಲ್ಲರ್ 10: 28, 18.8

ಎರಡೂ ಒಂದೇ ಕ್ರಮದಲ್ಲಿ ಇಳಿಯುತ್ತಿವೆ. ಇದು ಒಳ್ಳೆಯ ಲಕ್ಷಣ, ಹ್ಯಾಮರ್ ಗಟ್ಟಿ ಯಾವುದು ಮೆತ್ತಗೆ ಯಾವುದು ಅಂತ ಸರಿಯಾಗಿಯೇ ಹೇಳಿದೆ. ಆದರೆ ಎಲ್ಲ ಕಡೆ ಜಾಸ್ತಿ ಹೇಳಿದೆ. ಕೋರನ್ನು ಗ್ರಾಫಿನ ಸಂಖ್ಯೆಯಿಂದ ಭಾಗಿಸಿದರೆ 0.61ರಿಂದ 0.67ರ ನಡುವೆ ಬರುತ್ತದೆ, ಸರಾಸರಿ 0.64. ಈ ಕಟ್ಟಡದ ಒಣ ಪಿಲ್ಲರುಗಳಿಗೆ ಇದೇ ಗುಣಾಂಕ. ಬೇರೆ ಕಟ್ಟಡಕ್ಕೆ ಇದನ್ನು ಒಯ್ಯಬೇಡಿ, ಪಕ್ಕದ ಕಟ್ಟಡಕ್ಕೂ ಬೇಡ.

ಎಂಟನೇ ಪಿಲ್ಲರ್? ಹ್ಯಾಮರ್ 21, ಕೋರ್ 19.6. ಎಲ್ಲರೂ ಕೈಬಿಟ್ಟಿದ್ದ ಪಿಲ್ಲರ್ ಮೂರನೆಯದಕ್ಕೆ ಸಮ. ಅದಕ್ಕೆ 0.64 ಹಾಕಿದ್ದರೆ 13 ಅಂತ ಬರೆದು, ಸುಮ್ಮನೆ ಪಿಲ್ಲರಿನ ಸುತ್ತ ಹೊಸ ಕಾಂಕ್ರೀಟು ಕಟ್ಟುವ ಜಾಕೆಟಿಂಗಿಗೆ ದುಡ್ಡು ಸುರಿಸುತ್ತಿದ್ದೆವು. ಹೀಗೆ ಬೇರೆ ಜಾತಿಗೆ ಸೇರಿದ್ದನ್ನು ಸರಾಸರಿಯಲ್ಲಿ ಬೆರೆಸಬಾರದು, ಪ್ರತ್ಯೇಕ ಇಡಬೇಕು. ನಿಮ್ಮ ಲೆಕ್ಕದಲ್ಲಿ ಒಂದು ಅನುಪಾತ ಉಳಿದವುಗಳಿಂದ ತೀರಾ ದೂರ ನಿಂತರೆ ಮೊದಲು ನೀರು, ಆಮೇಲೆ ಕಾರ್ಬೊನೇಶನ್ ಆಳ, ಆಮೇಲೆ ಕೋರಿನ ತೂತುಗಳು, ಈ ಕ್ರಮದಲ್ಲಿ ಕಾರಣ ಹುಡುಕಿ. ಒಣ ಪಿಲ್ಲರುಗಳಲ್ಲೇ ಅನುಪಾತ 0.5ರಿಂದ 0.9ರವರೆಗೆ ಚದುರಿದ್ದರೆ ಗುಣಾಂಕದ ಆಸೆ ಬಿಟ್ಟು ಇನ್ನಷ್ಟು ಕೋರ್ ತೆಗೆಯುವುದೇ ದಾರಿ.

ಕೋರ್ ತೆಗೆಯದ ಆರು ಪಿಲ್ಲರುಗಳಲ್ಲಿ ಗ್ರಾಫಿನ ಬಲ 30ರಿಂದ 37. ಐದೇ ಜೋಡಿಯಿಂದ ಬಂದ ಗುಣಾಂಕವಾದ್ದರಿಂದ ನಾನು ಇವಕ್ಕೆ 0.64 ಬದಲು ಕೆಳಗಿನ 0.61 ಹಾಕಿದೆ. ಅತಿ ಕಡಿಮೆ ಬಂದದ್ದು 18.3.

ಈಗ ಇದನ್ನು ಯಾವ ಎಂ ಅನ್ನೋಣ? ಆರು ಕೋರಿನ ಸರಾಸರಿ 21.2. ಕೆಲವರು ಇದನ್ನೇ ನೋಡಿ ಎಂ20 ಅನ್ನುತ್ತಾರೆ. ಎಂ20 ಅಂದರೆ ಸರಾಸರಿ 20 ಅಲ್ಲ, 20ಕ್ಕಿಂತ ಕೆಳಗೆ ನೂರಕ್ಕೆ ಐದಕ್ಕಿಂತ ಜಾಸ್ತಿ ಇರಬಾರದು. ಇಲ್ಲಿ ಆರರಲ್ಲಿ ಮೂರು ಕೋರ್ 20ಕ್ಕಿಂತ ಕೆಳಗಿವೆ. ನಾನು ಎಂ15 ಅಂತ ಬರೆದೆ. ಕೋರಿನ ಸರಾಸರಿ ಹೇಳಿದ ಬಲದ ಶೇಕಡಾ 85ರಷ್ಟು, ಒಂದೊಂದು ಶೇಕಡಾ 75ರಷ್ಟು ಬಂದರೆ ಸಾಕು ಅಂತ ಐಎಸ್ 456ರಲ್ಲಿ ಒಂದು ನಿಯಮ ಇದೆಯಲ್ಲ ಅಂತ ಕೇಳಬಹುದು. ಅದು ಹೊಸ ಕೆಲಸವನ್ನು ಒಪ್ಪಬೇಕೋ ಬೇಡವೋ ಅನ್ನುವ ಜಗಳಕ್ಕೆ. ಹಳೆ ಪಿಲ್ಲರಿನ ಮೇಲೆ ಹೊಸ ಭಾರ ಹಾಕುವಾಗ ಆ ರಿಯಾಯಿತಿಯನ್ನು ನಾನು ತೆಗೆದುಕೊಳ್ಳುವುದಿಲ್ಲ.

ಸಂಖ್ಯೆಯಿಂದ ತೀರ್ಮಾನಕ್ಕೆ

ಒಂದು ಕಡೆ ಒಡೆದು ನೋಡಿದಾಗ ಪಿಲ್ಲರಿನಲ್ಲಿ 16 ಮಿ.ಮೀ.ನ ಆರು ಕಂಬಿ ಇದ್ದವು, ಆ ಕಾಲದ ತಿರುಚಿದ ಟಾರ್ ಕಂಬಿ. ಪಿಲ್ಲರ್ ಹೊರಬಲ್ಲ ಭಾರ P. fck ಕಾಂಕ್ರೀಟಿನ ಬಲ, Ac ಅದರ ವಿಸ್ತೀರ್ಣ, fy ಕಂಬಿಯ ಬಲ, ಇಲ್ಲಿ 415, Asc ಕಂಬಿಗಳ ವಿಸ್ತೀರ್ಣ. ಕೋಡಿನ ಸೂತ್ರದಲ್ಲಿ ಹಾಕಿದರೆ:

```
P = 0.4 fck Ac + 0.67 fy Asc
fck = 15:  803 + 335 = 1138 kN
fck = 30: 1606 + 335 = 1941 kN
```

ನಡುವಿನ ಪಿಲ್ಲರಿಗೆ ಈಗ ಬರುವ ಭಾರ, ಸುರಕ್ಷತೆಯ ಗುಣಾಂಕ ಸೇರಿ, 860 ಕಿಲೋನ್ಯೂಟನ್. ಮೇಲೆ ಕಾಂಕ್ರೀಟಿನ ಮಹಡಿ ಹಾಕಿದರೆ 1,210. ಹಳೆ ರಿಪೋರ್ಟಿನ ಎಂ30 ನಂಬಿದರೆ ಧಾರಾಳ ಜಾಗ ಇದೆ. ಎಂ15ರಲ್ಲಿ ದಾಟಿಹೋಯಿತು. ಅಂಗಳದ ಮಟ್ಟದಲ್ಲೇ ತೀರ್ಮಾನ ಆಗಿಹೋದ್ದರಿಂದ ಪಾಯ ಅಗೆದು ನೋಡುವ ಪ್ರಶ್ನೆ ಆಗ ಬರಲಿಲ್ಲ. ಇಲ್ಲದಿದ್ದರೆ ಅದೂ ಆಗಬೇಕಿತ್ತು.

ಇನ್ನೊಂದು ಮಾತು ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಕಂಬಿಯನ್ನು ಮುಚ್ಚಿರುವ ಕಾಂಕ್ರೀಟಿನ ಪದರ, ಅಂದರೆ ಕವರ್, 25 ಮಿ.ಮೀ., ಕಾರ್ಬೊನೇಶನ್ 32ರವರೆಗೆ. ಅಂದರೆ ಕಂಬಿಯನ್ನು ತುಕ್ಕಿನಿಂದ ಕಾಯುತ್ತಿದ್ದ ಸುಣ್ಣದ ಗುಣ ಹೋಗಿದೆ. ಅಂಗಡಿಯ ಒಳಗೆ ಒಣಗಿರುವ ಪಿಲ್ಲರುಗಳಲ್ಲಿ ತುಕ್ಕು ನಿಧಾನ. ರಸ್ತೆ ಬದಿಯ ಸಾಲಿಗೆ ಪ್ರತಿ ಮಳೆಗಾಲವೂ ಎರಚಲು ಹೊಡೆಯುತ್ತದೆ, ಅಲ್ಲಿ ಶುರುವಾಗಿದೆ. ಹ್ಯಾಮರಾಗಲಿ ಕೋರಾಗಲಿ ಇದನ್ನು ಹೇಳುವುದಿಲ್ಲ. ಹೇಳಿದ್ದು ನೂರು ರೂಪಾಯಿಯ ಆ ಸ್ಪ್ರೇ ಬಾಟಲಿ.

ರಿಪೋರ್ಟು ಇಂಗ್ಲಿಷಿನಲ್ಲಿ, ಕಚೇರಿಯ ಅರ್ಜಿ ಮಲಯಾಳದಲ್ಲಿ, ಮಾಲೀಕರಿಗಾಗಿ ಕನ್ನಡದಲ್ಲಿ ಒಂದು ಪುಟ. ನಮ್ಮಲ್ಲಿ ಇದು ಮಾಮೂಲು. ಆ ಒಂದು ಪುಟವನ್ನು ಅವರು ಎರಡು ಸಲ ಓದಿದರು. "ಹಾಗಾದ್ರೆ ಶೀಟಿನ ಮಾಡು ಹಾಕ್ಬಹುದಾ?" ಅಂತ ಕೇಳಿದರು. ಉಕ್ಕಿನ ಕಂಬ, ತಗಡಿನ ಮಾಡು, ಹಗುರ ಗೋಡೆ ಸೇರಿಸಿ ಲೆಕ್ಕ ಹಾಕಿದೆ, 940 ಬಂತು. ಹಾಕಬಹುದು, ಆದರೆ ಮೊದಲು ಬಚ್ಚಲಿನ ಪೈಪು ಸರಿಮಾಡಿಸಬೇಕು, ಮುಂದಿನ ಸಾಲಿನ ಪಿಲ್ಲರುಗಳ ತುಕ್ಕು ತೆಗೆಸಿ ಕವರ್ ಕಟ್ಟಿಸಬೇಕು ಅಂದೆ.

ತೂತು ಮುಚ್ಚುವುದು

ಕೋರ್ ತೆಗೆದ ದಿನವೇ ತೂತು ಮುಚ್ಚಬೇಕು. ಮೇಸ್ತ್ರಿ ಕೈಗೆ ಸಿಕ್ಕಿದ ಸಿಮೆಂಟು ಗಾರೆ ತುರುಕಿದರೆ ಅದು ಒಣಗಿ ಕುಗ್ಗುತ್ತದೆ, ಮೇಲ್ಭಾಗದಲ್ಲಿ ಕೂದಲೆಳೆಯ ಸಂದು ಉಳಿಯುತ್ತದೆ. ಆ ಸಂದಿನಿಂದಾಗಿ ಮೇಲಿನ ಭಾರ ತುಂಬಿದ ಭಾಗಕ್ಕೆ ಇಳಿಯುವುದೇ ಇಲ್ಲ. ಕುಗ್ಗದ ಗ್ರೌಟ್ ಬಳಸಿ. ತೂತಿನ ಒಳಮೈಯನ್ನು ತಂತಿ ಬ್ರಷ್‌ನಿಂದ ಗೀರಿ ಒರಟು ಮಾಡಿ, ನೀರು ಕುಡಿಸಿ, ನಿಂತ ನೀರನ್ನು ಬಟ್ಟೆಯಲ್ಲಿ ತೆಗೆಯಿರಿ. ಮುಂದೆ ಹಲಗೆ ಬಿಗಿದು, ಮೇಲ್ತುದಿಯಲ್ಲಿ ಕೊಳವೆಯ ಬಾಯಿ ಬಿಟ್ಟು, ಗ್ರೌಟ್ ಆ ಬಾಯಿಂದ ಉಕ್ಕಿ ಬರುವವರೆಗೆ ಸುರಿಯಬೇಕು. ಮರುದಿನ ಹಲಗೆ ಬಿಚ್ಚಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ತುಂಬಿದೆ. ಡಬ್ ಅಂದರೆ ಒಳಗೆ ಖಾಲಿ, ಒಡೆದು ಮತ್ತೆ ಸುರಿಯಬೇಕು. ಐದನೇ ಪಿಲ್ಲರಿನಲ್ಲಿ ನಮಗೆ ಡಬ್ ಅಂತಲೇ ಬಂತು, ಎರಡನೇ ಸಲ ಸುರಿದೆವು. ಜಾಕಿಗಳನ್ನು ಏಳು ದಿನ ಬಿಟ್ಟು ತೆಗೆದೆವು.